ಟಾನ್ಸಿಲ್ ಪಕ್ಕದ ಕೀವುಬಾವು: ಸಾಮಾನ್ಯ ಟಾನ್ಸಿಲ್ ಉರಿಯೂತಕ್ಕಿಂತ ಇದು ಹೇಗೆ ಭಿನ್ನ, ಕೀವನ್ನು ಹೇಗೆ ತೆಗೆಯಲಾಗುತ್ತದೆ

ಗಂಟಲು ನೋವು ಬಂದಾಗ ಬಹುತೇಕ ಜನರು ಅದನ್ನು ಟಾನ್ಸಿಲ್ ತೊಂದರೆ ಎಂದು ಭಾವಿಸಿ ಕೆಲವು ದಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುತ್ತಾರೆ, ಜ್ವರಕ್ಕೆ ಮಾತ್ರೆ ನುಂಗುತ್ತಾರೆ. ಹೆಚ್ಚಿನವರಿಗೆ ಇದರಿಂದಲೇ ಗುಣವಾಗುತ್ತದೆ. ಆದರೆ ಕೆಲವರಲ್ಲಿ ಸೋಂಕು ಟಾನ್ಸಿಲ್ ಗ್ರಂಥಿಯನ್ನು ದಾಟಿ ಅದರ ಹಿಂಬದಿಯ ಸಡಿಲ ಅಂಗಾಂಶವನ್ನು ಪ್ರವೇಶಿಸಿ ಅಲ್ಲಿ ಕೀವು ಕಟ್ಟುತ್ತದೆ. ಇದನ್ನು ವೈದ್ಯಕೀಯ ಭಾಷೆಯಲ್ಲಿ ಪೆರಿಟಾನ್ಸಿಲರ್ ಆಬ್ಸೆಸ್ ಎಂದೂ, ಹಳೆಯ ಹೆಸರಿನಲ್ಲಿ ಕ್ವಿನ್ಸಿ ಎಂದೂ ಕರೆಯಲಾಗುತ್ತದೆ. ಈ ಸ್ಥಿತಿಯಲ್ಲಿ ಮಾತ್ರೆಗಳನ್ನು ಮಾತ್ರ ನಂಬಿ ಕುಳಿತರೆ ಸಾಲದು. ಸಾಮಾನ್ಯವಾಗಿ ಕೀವನ್ನು ಹೊರತೆಗೆಯಬೇಕಾಗುತ್ತದೆ.

ಕೀವು ಎಲ್ಲಿ ಸೇರುತ್ತದೆ?

ಬಾಯಿಯನ್ನು ಅಗಲವಾಗಿ ತೆರೆದಾಗ ನಾಲಿಗೆಯ ಬುಡದ ಎರಡೂ ಪಕ್ಕಗಳಲ್ಲಿ ಕಾಣುವ ಉಬ್ಬುಗಳೇ ಟಾನ್ಸಿಲ್‌ಗಳು. ಪ್ರತಿಯೊಂದು ಟಾನ್ಸಿಲ್‌ನ ಹೊರಮಗ್ಗುಲನ್ನು ಗಟ್ಟಿಯಾದ ಒಂದು ಪೊರೆ ಆವರಿಸಿರುತ್ತದೆ. ಈ ಪೊರೆಗೂ ಅದರಾಚೆ ಗಂಟಲಿನ ಗೋಡೆಯಾಗಿರುವ ಸ್ನಾಯುವಿಗೂ ನಡುವೆ ಸಡಿಲವಾದ ಅಂಗಾಂಶದಿಂದ ಕೂಡಿದ ತೆಳುವಾದ ಜಾಗವಿದೆ. ಆರೋಗ್ಯವಂತರಲ್ಲಿ ಈ ಜಾಗದ ಇರುವಿಕೆಯೇ ಗೊತ್ತಾಗುವುದಿಲ್ಲ. ಸೋಂಕು ಇಲ್ಲಿಗೆ ಹರಡಿದಾಗ ಕೀವು ಸಂಗ್ರಹವಾಗಿ, ಟಾನ್ಸಿಲ್ ಅನ್ನು ಗಂಟಲಿನ ಮಧ್ಯಭಾಗದತ್ತ ತಳ್ಳುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಕೀವು ಸೇರುವುದು ಟಾನ್ಸಿಲ್‌ನ ಮೇಲ್ತುದಿಯ ಬಳಿ, ಅಂದರೆ ಮೃದು ಅಂಗುಳಿನ ಹಿಂದೆ.

ಟಾನ್ಸಿಲ್ ಉರಿಯೂತ ತೀವ್ರವಾಗಿ ಹೊರಕ್ಕೆ ಹರಡುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಟಾನ್ಸಿಲ್‌ನ ಮೇಲ್ತುದಿಯಲ್ಲಿರುವ ವೆಬರ್ ಗ್ರಂಥಿಗಳೆಂಬ ಸಣ್ಣ ಲಾಲಾರಸ ಗ್ರಂಥಿಗಳ ನಾಳಗಳು ಮುಚ್ಚಿಹೋಗಿ ಅಲ್ಲಿ ಸೋಂಕು ಉಂಟಾಗುವುದೂ ಒಂದು ಕಾರಣವಿರಬಹುದೆಂಬ ಅಭಿಪ್ರಾಯ ಇಂದು ಇದೆ. ಹಿಂದೆ ಶಸ್ತ್ರಚಿಕಿತ್ಸೆಯಿಂದ ಟಾನ್ಸಿಲ್ ತೆಗೆಸಿಕೊಂಡವರಲ್ಲಿಯೂ ಅಪರೂಪಕ್ಕೆ ಈ ಬಾವು ಕಾಣಿಸಿಕೊಳ್ಳುವುದು ಈ ಅಭಿಪ್ರಾಯಕ್ಕೆ ಪುಷ್ಟಿ ನೀಡುತ್ತದೆ. ಕೀವಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿರುತ್ತವೆ. ಗಂಟಲು ನೋವಿಗೆ ಕಾರಣವಾಗುವ ಸ್ಟ್ರೆಪ್ಟೋಕಾಕಸ್ ಜೊತೆಗೆ ಗಾಳಿಯ ಸಂಪರ್ಕವಿಲ್ಲದೆಯೂ ಬೆಳೆಯಬಲ್ಲ ಜೀವಾಣುಗಳು ಇರುವುದರಿಂದಲೇ ಕೀವು ಹಾಗೂ ಉಸಿರು ಅಸಹನೀಯ ದುರ್ವಾಸನೆಯಿಂದ ಕೂಡಿರುತ್ತವೆ.

ಹದಿಹರೆಯದವರು ಮತ್ತು ಯುವ ವಯಸ್ಕರಲ್ಲಿ ಈ ತೊಂದರೆ ಹೆಚ್ಚು. ಧೂಮಪಾನ ಮಾಡುವವರಲ್ಲಿಯೂ ಇದರ ಪ್ರಮಾಣ ಅಧಿಕವಾಗಿ ಕಂಡುಬರುತ್ತದೆ. ಚಿಕ್ಕ ಮಕ್ಕಳಲ್ಲಿ ಅಪರೂಪ.

ಸಾಮಾನ್ಯ ಟಾನ್ಸಿಲ್ ಉರಿಯೂತಕ್ಕಿಂತ ಹೇಗೆ ಭಿನ್ನ?

ಸಾಮಾನ್ಯ ಟಾನ್ಸಿಲ್ ಉರಿಯೂತದಲ್ಲಿ ನೋವು ಗಂಟಲಿನ ಎರಡೂ ಕಡೆ ಇರುತ್ತದೆ. ಟಾನ್ಸಿಲ್‌ಗಳು ಕೆಂಪಾಗಿ ಊದಿಕೊಂಡು, ಕೆಲವೊಮ್ಮೆ ಅವುಗಳ ಮೇಲೆ ಬಿಳಿಯ ಅಥವಾ ಹಳದಿ ಚುಕ್ಕೆಗಳು ಕಾಣುತ್ತವೆ. ನುಂಗಲು ನೋವಾದರೂ ಬಾಯಿಯನ್ನು ಪೂರ್ತಿ ತೆರೆಯಲು ಸಾಧ್ಯವಾಗುತ್ತದೆ. ಧ್ವನಿಯಲ್ಲಿ ಹೆಚ್ಚಿನ ಬದಲಾವಣೆ ಇರುವುದಿಲ್ಲ. ಕಿರುನಾಲಿಗೆ ನಡುವಿನಲ್ಲಿಯೇ ನೇತಾಡುತ್ತಿರುತ್ತದೆ. ಇದು ಅನೇಕ ವೇಳೆ ವೈರಸ್‌ನಿಂದ ಉಂಟಾಗಿ ಸುಮಾರು ಒಂದು ವಾರದೊಳಗೆ ತಾನಾಗಿಯೇ ಶಮನವಾಗುತ್ತದೆ. ಟಾನ್ಸಿಲ್ ಮೇಲೆ ಕಾಣುವ ಬಿಳಿ ಚುಕ್ಕೆಗಳನ್ನೇ ಕೀವುಬಾವು ಎಂದು ತಿಳಿದು ಗಾಬರಿಗೊಳ್ಳುವವರಿದ್ದಾರೆ. ಆ ಚುಕ್ಕೆಗಳು ಟಾನ್ಸಿಲ್‌ನ ಮೇಲ್ಮೈಯಲ್ಲಿರುವ ಸ್ರಾವ. ಕೀವುಬಾವಿನಲ್ಲಿ ಕೀವು ಒಳಗಡೆ ಅಡಗಿರುವುದರಿಂದ ಅದು ಕಣ್ಣಿಗೆ ಕಾಣುವುದೇ ಇಲ್ಲ.

ಕೀವುಬಾವಿನ ಮೊದಲ ಸುಳಿವೆಂದರೆ ನೋವು ಒಂದೇ ಬದಿಗೆ ಸರಿಯುವುದು. ಗಂಟಲು ನೋವು ಆರಂಭವಾಗಿ ಮೂರರಿಂದ ಐದು ದಿನಗಳಾದಾಗ, ಗುಣವಾಗಬೇಕಾದ ಹಂತದಲ್ಲಿ, ಎಡಗಡೆ ಅಥವಾ ಬಲಗಡೆ ಮಾತ್ರ ನೋವು ತೀವ್ರವಾಗುತ್ತದೆ ಮತ್ತು ಅದೇ ಬದಿಯ ಕಿವಿಗೂ ಹಬ್ಬುತ್ತದೆ. ಕಿವಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಗಂಟಲು ಮತ್ತು ಕಿವಿಗೆ ಒಂದೇ ನರದ ಕವಲುಗಳು ಹೋಗುವುದರಿಂದ ಹೀಗಾಗುತ್ತದೆ. ಉಗುಳನ್ನೂ ನುಂಗಲಾಗದೆ ರೋಗಿಯು ಅದನ್ನು ಹೊರಗೆ ಸುರಿಸುತ್ತಾನೆ ಅಥವಾ ಪದೇ ಪದೇ ಉಗುಳುತ್ತಾನೆ. ಬಾಯಿ ತುಂಬ ಎಲೆಅಡಿಕೆಯ ರಸ ತುಂಬಿಕೊಂಡವರು ಮಾತನಾಡಿದಂತೆ ಧ್ವನಿ ಮಂದವಾಗಿ, ಗೊಗ್ಗರವಾಗಿ ಕೇಳಿಸುತ್ತದೆ.

ಈ ಎಲ್ಲ ಲಕ್ಷಣಗಳಿಗಿಂತ ಹೆಚ್ಚು ನಂಬಲರ್ಹವಾದುದು ಬಾಯಿ ತೆರೆಯಲಾಗದಿರುವುದು. ಟಾನ್ಸಿಲ್‌ನ ಹೊರಬದಿಯಲ್ಲಿ, ಗಂಟಲಿನ ಗೋಡೆಗೆ ತೀರ ಸಮೀಪದಲ್ಲಿ, ದವಡೆಯನ್ನು ಆಡಿಸುವ ಸ್ನಾಯುವೊಂದಿದೆ. ಕೀವಿನ ಉರಿಯೂತವು ಇದಕ್ಕೆ ತಾಗಿದೊಡನೆ ಸ್ನಾಯು ಬಿಗಿದುಕೊಂಡು ದವಡೆ ಕಟ್ಟಿದಂತಾಗುತ್ತದೆ. ಆರೋಗ್ಯವಂತ ವಯಸ್ಕರು ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಹಾಗೂ ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಬಲ್ಲರು. ಕೀವುಬಾವು ಇದ್ದವರಲ್ಲಿ ಒಂದು ಅಥವಾ ಎರಡು ಬೆರಳಷ್ಟೇ ಹಿಡಿಸಬಹುದು. ಮನೆಯಲ್ಲಿಯೇ ಮಾಡಬಹುದಾದ ಈ ಪರೀಕ್ಷೆ ಸರಳವಾದರೂ ಬಹಳ ಉಪಯುಕ್ತ. ಬಾಯಿ ಪೂರ್ತಿ ತೆರೆಯುತ್ತದೆ ಎಂಬ ಕಾರಣಕ್ಕೆ ಕೀವಿಲ್ಲವೆಂದು ತೀರ್ಮಾನಿಸಲಾಗದು. ಆದರೆ ಗಂಟಲು ನೋವಿನ ಜೊತೆಗೆ ಬಾಯಿ ತೆರೆಯದಿದ್ದರೆ ಅದನ್ನು ಸಾಮಾನ್ಯ ಟಾನ್ಸಿಲ್ ನೋವೆಂದು ಭಾವಿಸಬಾರದು.

ವೈದ್ಯರು ನಾಲಿಗೆಯನ್ನು ಒತ್ತಿ ಬೆಳಕಿನಲ್ಲಿ ನೋಡಿದಾಗ ನೋವಿರುವ ಬದಿಯ ಮೃದು ಅಂಗುಳು ಕೆಂಪಾಗಿ ಉಬ್ಬಿರುವುದು, ಟಾನ್ಸಿಲ್ ಕೆಳಕ್ಕೂ ಒಳಕ್ಕೂ ತಳ್ಳಲ್ಪಟ್ಟಿರುವುದು ಮತ್ತು ಕಿರುನಾಲಿಗೆ ಎದುರು ಬದಿಗೆ ವಾಲಿರುವುದು ಕಾಣುತ್ತದೆ. ಕತ್ತಿನ ಅದೇ ಬದಿಯಲ್ಲಿ ದುಗ್ಧಗ್ರಂಥಿಗಳು ಊದಿಕೊಂಡು ಮುಟ್ಟಿದರೆ ನೋಯುತ್ತವೆ.

ಕೀವು ಕಟ್ಟುವ ಮುನ್ನಿನ ಹಂತ

ಉರಿಯೂತ ಮತ್ತು ಕೀವುಬಾವು, ಇವೆರಡರ ನಡುವೆ ಇನ್ನೊಂದು ಹಂತವಿದೆ. ಸೋಂಕು ಟಾನ್ಸಿಲ್‌ನ ಹಿಂದಿನ ಜಾಗಕ್ಕೆ ಹರಡಿ ಅಂಗಾಂಶ ಊದಿಕೊಂಡಿರುತ್ತದೆ, ಆದರೆ ಕೀವು ಇನ್ನೂ ಒಂದೆಡೆ ಸೇರಿರುವುದಿಲ್ಲ. ಇದನ್ನು ಪೆರಿಟಾನ್ಸಿಲರ್ ಸೆಲ್ಯುಲೈಟಿಸ್ ಎನ್ನುತ್ತಾರೆ. ಈ ಹಂತದಲ್ಲಿ ಚುಚ್ಚಿದರೂ ಕೊಯ್ದರೂ ಏನೂ ಬರುವುದಿಲ್ಲ. ಪ್ರತಿಜೀವಕ ಔಷಧಗಳೇ ಸಾಕು. ಹೊರನೋಟಕ್ಕೆ ಇವೆರಡೂ ಒಂದೇ ರೀತಿ ಕಾಣುವುದರಿಂದ ಅನುಭವಿ ವೈದ್ಯರಿಗೂ ಕೇವಲ ನೋಡಿ ಹೇಳುವುದು ಕಷ್ಟ. ಸೌಲಭ್ಯವಿರುವಲ್ಲಿ ಬಾಯಿಯೊಳಗಿನಿಂದ ಅಥವಾ ಕತ್ತಿನ ಹೊರಗಿನಿಂದ ಅಲ್ಟ್ರಾಸೌಂಡ್ ಮಾಡಿ ಕೀವಿನ ಇರುವಿಕೆಯನ್ನು ಖಚಿತಪಡಿಸಿಕೊಳ್ಳಬಹುದು. ಸೋಂಕು ಕತ್ತಿನ ಆಳಕ್ಕೆ ಇಳಿದಿರುವ ಶಂಕೆಯಿದ್ದಾಗ ಅಥವಾ ಬಾಯಿ ಸ್ವಲ್ಪವೂ ತೆರೆಯದಿದ್ದಾಗ ಸಿ.ಟಿ. ಸ್ಕ್ಯಾನ್ ಅಗತ್ಯವಾಗುತ್ತದೆ. ಉಳಿದ ಸಂದರ್ಭಗಳಲ್ಲಿ ಸೂಜಿಯಿಂದ ಚುಚ್ಚಿ ಎಳೆದು ನೋಡುವುದೇ ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು.

ಒಂದು ಮಾದರಿ ಪ್ರಕರಣ

ರೋಗವು ಮುಂದುವರಿಯುವ ಬಗೆ ಮತ್ತು ಚಿಕಿತ್ಸೆಯ ಕ್ರಮವನ್ನು ತಿಳಿಯಲು 24 ವರ್ಷದ ಯುವಕನೊಬ್ಬನ ಪ್ರಕರಣವನ್ನು ಉದಾಹರಣೆಯಾಗಿ ಗಮನಿಸಬಹುದು. ಸೋಮವಾರ ಆತನಿಗೆ ಗಂಟಲಿನ ಎರಡೂ ಕಡೆ ನೋವು ಹಾಗೂ ಜ್ವರ ಆರಂಭವಾಗುತ್ತದೆ. ಔಷಧ ಅಂಗಡಿಯಿಂದ ತಂದ ಪ್ರತಿಜೀವಕ ಮಾತ್ರೆಗಳನ್ನು ಎರಡು ದಿನ ಸೇವಿಸಿ, ಸ್ವಲ್ಪ ಹಗುರವಾದಂತೆ ಅನಿಸಿದ್ದರಿಂದ ನಿಲ್ಲಿಸುತ್ತಾನೆ. ಶುಕ್ರವಾರ ನೋವು ಎಡಗಡೆ ಮಾತ್ರ ಉಳಿದು ಎಡಕಿವಿಗೂ ಹಬ್ಬುತ್ತದೆ. ಶನಿವಾರ ಬೆಳಿಗ್ಗೆ ಗಂಜಿಯೂ ಇಳಿಯುವುದಿಲ್ಲ. ಉಗುಳಲು ಪಕ್ಕದಲ್ಲಿ ಪಾತ್ರೆಯಿಟ್ಟುಕೊಂಡಿದ್ದಾನೆ. ಬಾಯಿಯಲ್ಲಿ ಒಂದೂವರೆ ಬೆರಳು ಮಾತ್ರ ಹಿಡಿಸುತ್ತದೆ. ತಾಲ್ಲೂಕು ಆಸ್ಪತ್ರೆಗೆ ಬಂದಾಗ ಜ್ವರ 102 ಡಿಗ್ರಿ ಫ್ಯಾರನ್‌ಹೀಟ್, ನಾಡಿಮಿಡಿತ ನಿಮಿಷಕ್ಕೆ 112. ಎಡಭಾಗದ ಅಂಗುಳು ಉಬ್ಬಿ, ಕಿರುನಾಲಿಗೆ ಬಲಕ್ಕೆ ವಾಲಿದೆ. ಉಸಿರಾಟ ಸರಾಗವಾಗಿದೆ.

ವೈದ್ಯರು ಮೊದಲು ನೋಡುವುದು ಈ ಕೊನೆಯ ಅಂಶವನ್ನೇ. ಉಸಿರಾಡುವಾಗ ಗೊರಗೊರ ಅಥವಾ ಸೀಟಿಯಂತಹ ಶಬ್ದವಿದ್ದರೆ, ಮಲಗಲಾಗದೆ ಮುಂದಕ್ಕೆ ಬಾಗಿ ಕುಳಿತಿದ್ದರೆ, ಬಾಯಿಯನ್ನು ಕೆದಕುವುದಕ್ಕೆ ಮುನ್ನ ಉಸಿರಿನ ದಾರಿಯನ್ನು ಭದ್ರಪಡಿಸಬೇಕಾಗುತ್ತದೆ. ಈ ಯುವಕನಲ್ಲಿ ಅಂತಹ ತೊಂದರೆ ಇಲ್ಲದ ಕಾರಣ ರಕ್ತನಾಳದ ಮೂಲಕ ದ್ರವ, ನೋವು ಮತ್ತು ಜ್ವರಕ್ಕೆ ಪ್ಯಾರಸಿಟಮಾಲ್ ಹಾಗೂ ಪ್ರತಿಜೀವಕ ಔಷಧದ ಮೊದಲ ಡೋಸ್ ನೀಡಿ, ಕೀವು ತೆಗೆಯಲು ಸಿದ್ಧತೆ ಮಾಡಿಕೊಳ್ಳಲಾಗುತ್ತದೆ. ಎರಡು ದಿನದಿಂದ ಏನನ್ನೂ ಕುಡಿಯದವರಿಗೆ ದ್ರವ ನೀಡುವುದು ಔಷಧದಷ್ಟೇ ಮುಖ್ಯ.

ಸೂಜಿಯಿಂದ ಕೀವು ಎಳೆಯುವ ವಿಧಾನ

ವಯಸ್ಕರಲ್ಲಿ ಇದನ್ನು ಎಚ್ಚರವಿರುವಾಗಲೇ, ಕುಳಿತ ಭಂಗಿಯಲ್ಲಿ ಮಾಡಲಾಗುತ್ತದೆ. ಮಲಗಿಸಿದರೆ ಕೀವು ಹಿಂದಕ್ಕೆ ಹರಿದು ಶ್ವಾಸನಾಳ ಸೇರಬಹುದು. ತಲೆ ಹಿಂದಕ್ಕೆ ಜರುಗದಂತೆ ಕುರ್ಚಿಯ ಆಧಾರ ನೀಡಿ, ಕೈಗೆ ಒಂದು ಬೋಗುಣಿ ಕೊಟ್ಟು, ಪಕ್ಕದಲ್ಲಿ ಹೀರುಯಂತ್ರವನ್ನು ಚಾಲನೆಯಲ್ಲಿಡಲಾಗುತ್ತದೆ. ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿರುವವರು, ರಕ್ತಸ್ರಾವದ ಕಾಯಿಲೆ ಇರುವವರು, ಮಧುಮೇಹಿಗಳು ಮತ್ತು ಯಾವುದಾದರೂ ಔಷಧದ ಅಲರ್ಜಿ ಇರುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೊದಲು ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಗಂಟಲಿಗೆ ಸಿಂಪಡಿಸಿ, ಕೆಲವು ನಿಮಿಷಗಳ ನಂತರ ಅದೇ ಔಷಧವನ್ನು ಅಡ್ರಿನಲಿನ್ ಬೆರೆಸಿ 1ರಿಂದ 2 ಮಿಲಿಲೀಟರ್‌ನಷ್ಟು ಉಬ್ಬಿನ ಮೇಲ್ಪದರಕ್ಕೆ ಸಣ್ಣ ಸೂಜಿಯಿಂದ ಚುಚ್ಚಲಾಗುತ್ತದೆ. ಉರಿಯೂತವಿರುವ ಅಂಗಾಂಶದಲ್ಲಿ ಈ ಔಷಧ ಎಂದಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ನೋವೇ ಆಗುವುದಿಲ್ಲವೆಂದು ಭರವಸೆ ಕೊಡುವುದಕ್ಕಿಂತ, ಕೆಲವು ಕ್ಷಣ ನೋವಾಗುತ್ತದೆ ಎಂದು ಮೊದಲೇ ಹೇಳುವುದು ಲೇಸು. ತಿಳಿದಿದ್ದ ರೋಗಿ ತಲೆಯನ್ನು ಫಕ್ಕನೆ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಚುಚ್ಚುವ ಜಾಗವನ್ನು ಗುರುತಿಸಲು ವೈದ್ಯರು ಎರಡು ಗೆರೆಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಕಿರುನಾಲಿಗೆಯ ಬುಡದ ಮೂಲಕ ಅಡ್ಡಲಾಗಿ ಒಂದು, ಟಾನ್ಸಿಲ್‌ನ ಮುಂದಿರುವ ಮಡಿಕೆಯ ಉದ್ದಕ್ಕೂ ಕೆಳಮುಖವಾಗಿ ಇನ್ನೊಂದು. ಇವೆರಡೂ ಸೇರುವಲ್ಲಿ, ಉಬ್ಬು ಅತಿ ಹೆಚ್ಚಾಗಿ ಮೆತ್ತಗಿರುವ ಕಡೆ, ಮೊದಲ ಚುಚ್ಚು. ಚುಚ್ಚುವುದು ಟಾನ್ಸಿಲ್‌ಗೆ ಅಲ್ಲ, ಅದರ ಮೇಲಿನ ಅಂಗುಳಿಗೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕೀವು ಟಾನ್ಸಿಲ್‌ನ ಒಳಗಿಲ್ಲ, ಅದರ ಹಿಂದಿದೆ.

10 ಮಿಲಿಲೀಟರ್ ಸಿರಿಂಜ್‌ಗೆ 18 ಗೇಜ್‌ನ ದಪ್ಪ ಸೂಜಿಯನ್ನು ಜೋಡಿಸಲಾಗುತ್ತದೆ. ಕೀವು ಗಟ್ಟಿಯಾಗಿರುವುದರಿಂದ ಸಣ್ಣ ಸೂಜಿಯಲ್ಲಿ ಅದು ಬರುವುದಿಲ್ಲ. ಸೂಜಿಯ ಪ್ಲಾಸ್ಟಿಕ್ ಮುಚ್ಚಳದ ತುದಿಯನ್ನು ಕತ್ತರಿಸಿ ಮತ್ತೆ ತೊಡಿಸಿ, ಸುಮಾರು 1 ಸೆಂಟಿಮೀಟರ್ ಸೂಜಿ ಮಾತ್ರ ಹೊರಗೆ ಕಾಣುವಂತೆ ಮಾಡುತ್ತಾರೆ. ಮೆದುಳಿಗೆ ರಕ್ತ ಒಯ್ಯುವ ಒಳ ಕ್ಯಾರೊಟಿಡ್ ಅಪಧಮನಿಯು ಟಾನ್ಸಿಲ್‌ನಿಂದ ಹಿಂದಕ್ಕೆ ಮತ್ತು ಹೊರಗಡೆಗೆ ಸುಮಾರು 2ರಿಂದ 2.5 ಸೆಂಟಿಮೀಟರ್ ದೂರದಲ್ಲಿರುವುದೇ ಈ ಎಚ್ಚರಿಕೆಗೆ ಕಾರಣ. ಅದೇ ಕಾರಣದಿಂದ ಸೂಜಿಯನ್ನು ನೇರವಾಗಿ ಹಿಂದಕ್ಕೆ ನೂಕಲಾಗುತ್ತದೆಯೇ ಹೊರತು ಕೆನ್ನೆಯ ಕಡೆಗೆ ಓರೆಯಾಗಿ ಎಂದಿಗೂ ಅಲ್ಲ. ಉಬ್ಬಿನಲ್ಲಿ ನಾಡಿಯಂತೆ ಬಡಿತ ಕಂಡುಬಂದರೆ ಚುಚ್ಚದೆ ಸ್ಕ್ಯಾನ್ ಮಾಡಿಸಬೇಕು.

ಸೂಜಿ ಒಳಗೆ ಹೋಗುತ್ತಿರುವಂತೆಯೇ ಸಿರಿಂಜ್ ಅನ್ನು ಎಳೆಯುತ್ತ ಹೋದರೆ, ಕೀವಿನ ಜಾಗ ತಲುಪಿದೊಡನೆ ಹಳದಿ ಮಿಶ್ರಿತ ಕೀವು ಸಿರಿಂಜ್‌ಗೆ ಬರುತ್ತದೆ. ಉದಾಹರಣೆಯ ಯುವಕನಲ್ಲಿ ಮೊದಲ ಚುಚ್ಚಿಗೆ 5 ಮಿಲಿಲೀಟರ್ ಕೀವು ಬರುತ್ತದೆ. ಮೇಲ್ಭಾಗದಲ್ಲಿ ಬಾರದಿದ್ದರೆ 1 ಸೆಂಟಿಮೀಟರ್ ಕೆಳಗೆ ಮಧ್ಯಭಾಗದಲ್ಲಿ, ಅಲ್ಲಿಯೂ ಬಾರದಿದ್ದರೆ ಇನ್ನೂ ಕೆಳಗೆ, ಹೀಗೆ ಒಟ್ಟು ಮೂರು ಕಡೆ ಪ್ರಯತ್ನಿಸಲಾಗುತ್ತದೆ. ಮೂರು ಕಡೆಯೂ ಕೀವು ಬಾರದಿದ್ದರೆ ಅದು ಕೀವು ಕಟ್ಟುವ ಮುನ್ನಿನ ಹಂತವಿರಬಹುದು, ಅಥವಾ ಸೂಜಿ ಕೀವಿನ ಜಾಗವನ್ನು ತಪ್ಪಿರಬಹುದು. ಆದ್ದರಿಂದ ಅಂತಹವರನ್ನು ಮನೆಗೆ ಕಳುಹಿಸಿ ಮರೆಯುವಂತಿಲ್ಲ; ಪ್ರತಿಜೀವಕ ನೀಡಿ 24 ಗಂಟೆಗಳಲ್ಲಿ ಮರುಪರೀಕ್ಷೆ ಮಾಡಬೇಕು, ಸುಧಾರಣೆ ಕಾಣದಿದ್ದರೆ ಸ್ಕ್ಯಾನ್ ಮಾಡಿಸಬೇಕು.

ಕೀವು ಬಂದವರಲ್ಲಿ ಪರಿಹಾರ ಬಹು ಬೇಗ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಆ ಯುವಕ ನೀರು ಕುಡಿಯುತ್ತಾನೆ. ಸಂಜೆಯ ಹೊತ್ತಿಗೆ ಬಾಯಿ ಎರಡು ಬೆರಳಷ್ಟು ತೆರೆಯುತ್ತದೆ.

ಕೊಯ್ದು ಕೀವು ತೆಗೆಯುವ ವಿಧಾನ

ಮರುದಿನದ ಪರೀಕ್ಷೆಯಲ್ಲಿ ಆತನ ಜ್ವರ ಇಳಿದಿದ್ದರೂ ಅಂಗುಳು ಮತ್ತೆ ಉಬ್ಬಿದೆ, ನೋವು ಮರುಕಳಿಸಿದೆ. ಸೂಜಿಯ ರಂಧ್ರ ಬೇಗ ಮುಚ್ಚಿಕೊಳ್ಳುವುದರಿಂದ ಕೆಲವರಲ್ಲಿ ಹೀಗೆ ಕೀವು ಪುನಃ ಸೇರುತ್ತದೆ. ಇದು ಚಿಕಿತ್ಸೆಯ ವೈಫಲ್ಯವಲ್ಲ, ಆ ವಿಧಾನದ ಮಿತಿ. ಇಂತಹ ಸಂದರ್ಭದಲ್ಲಿ ಮತ್ತೊಮ್ಮೆ ಸೂಜಿಯಿಂದ ಎಳೆಯಬಹುದು ಅಥವಾ ಕೊಯ್ದು ದಾರಿ ಮಾಡಬಹುದು. ಯಾವ ವಿಧಾನವನ್ನು ಮೊದಲು ಆರಿಸಬೇಕೆಂಬುದರಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಸೂಜಿಯ ವಿಧಾನದಲ್ಲಿ ನೋವು ಮತ್ತು ರಕ್ತಸ್ರಾವ ಕಡಿಮೆ. ಕೊಯ್ಯುವ ವಿಧಾನದಲ್ಲಿ ಕೀವು ಮತ್ತೆ ಸೇರುವ ಸಂಭವ ಕಡಿಮೆ.

ಕೊಯ್ಯುವಾಗಲೂ ಭಂಗಿ, ಮರಗಟ್ಟಿಸುವ ಕ್ರಮ ಮತ್ತು ಜಾಗ ಅವೇ. ಶಸ್ತ್ರದ ಅಲಗಿಗೆ ಅಂಟುಪಟ್ಟಿ ಸುತ್ತಿ ತುದಿಯಷ್ಟನ್ನೇ ಹೊರಬಿಟ್ಟು, ಸೂಜಿಗೆ ಕೀವು ಸಿಕ್ಕ ಜಾಗದಲ್ಲಿಯೇ ಸುಮಾರು 1 ಸೆಂಟಿಮೀಟರ್ ಉದ್ದದ ಗಾಯ ಮಾಡಲಾಗುತ್ತದೆ. ಅಲಗಿನ ಕೆಲಸ ಮೇಲ್ಪದರವನ್ನು ಸೀಳುವುದಕ್ಕೆ ಮಾತ್ರ. ಅನಂತರ ಮೊಂಡಾದ ತುದಿಯ ಇಕ್ಕಳವನ್ನು ಮುಚ್ಚಿದ ಸ್ಥಿತಿಯಲ್ಲಿ ಒಳಗೆ ಹಾಕಿ, ಒಳಗೇ ಮೆಲ್ಲನೆ ಅಗಲಿಸಿ, ತೆರೆದ ಸ್ಥಿತಿಯಲ್ಲಿಯೇ ಹೊರತೆಗೆಯಲಾಗುತ್ತದೆ. ಒಳಗೆ ಕೀವು ಸಣ್ಣ ಸಣ್ಣ ಕೋಣೆಗಳಲ್ಲಿ ಹಂಚಿಹೋಗಿದ್ದರೆ ಈ ಕ್ರಿಯೆಯಿಂದ ನಡುವಿನ ಪದರಗಳು ಹರಿದು ಎಲ್ಲವೂ ಒಂದಾಗುತ್ತವೆ. ಕೀವು ಚಿಮ್ಮಿದಾಗ ರೋಗಿಯು ಮುಂದಕ್ಕೆ ಬಾಗಿ ಬೋಗುಣಿಗೆ ಉಗುಳಬೇಕು, ನುಂಗಬಾರದು. ಆಮೇಲೆ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಮುಕ್ಕಳಿಸುವುದು. ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ; ಉಳಿದ ಕೀವು ಹರಿದುಹೋಗಲೆಂದು ಅದನ್ನು ತೆರೆದೇ ಬಿಡಲಾಗುತ್ತದೆ. ಒಂದೆರಡು ದಿನ ಉಗುಳಿನಲ್ಲಿ ರಕ್ತದ ಎಳೆ, ಬಾಯಲ್ಲಿ ಕೆಟ್ಟ ರುಚಿ ಇರಬಹುದು. ಕೆಂಪು ರಕ್ತ ನಿಲ್ಲದೆ ಬರುತ್ತಿದ್ದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಮರಳಬೇಕು.

ಹೇಳಿದಂತೆ ಕುಳಿತಿರಲಾಗದ ಮಕ್ಕಳಲ್ಲಿ ಇದನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಪೂರ್ಣ ಅರಿವಳಿಕೆ ನೀಡಿ ಮಾಡಲಾಗುತ್ತದೆ.

ಔಷಧಗಳು

ಕೀವು ತೆಗೆದ ಬಳಿಕವೂ ಪ್ರತಿಜೀವಕ ಔಷಧ ಅನಿವಾರ್ಯ. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಔಷಧ, ಪೆನಿಸಿಲಿನ್ ಜೊತೆಗೆ ಮೆಟ್ರೊನಿಡಜೋಲ್, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಕ್ಲಿಂಡಾಮೈಸಿನ್ ನೀಡಲಾಗುತ್ತದೆ. ಅವಧಿ 10ರಿಂದ 14 ದಿನ. ಮೂರನೆಯ ದಿನವೇ ಆರಾಮವೆನಿಸುವುದರಿಂದ ಮಾತ್ರೆ ನಿಲ್ಲಿಸುವವರು ಹೆಚ್ಚು. ವೈದ್ಯರು ಹೇಳಿದ ಅವಧಿ ಪೂರೈಸಬೇಕು. ನೋವು ಮತ್ತು ದವಡೆಯ ಬಿಗಿತ ಬೇಗ ಇಳಿಯಲೆಂದು ಕೆಲವು ವೈದ್ಯರು ಸ್ಟೀರಾಯ್ಡ್ ಔಷಧದ ಒಂದು ಡೋಸ್ ನೀಡುತ್ತಾರೆ. ಮಧುಮೇಹಿಗಳಲ್ಲಿ ಇದರಿಂದ ಸಕ್ಕರೆ ಪ್ರಮಾಣ ಏರುವುದರಿಂದ ನಿಗಾ ಅಗತ್ಯ.

ಸೋಂಕಿನ ಜಾಗಕ್ಕೆ ಬೆರಳು ಹಾಕಿ ಒತ್ತುವುದು, ಮನೆಯಲ್ಲಿ ಸೂಜಿಯಿಂದ ಚುಚ್ಚಿಕೊಳ್ಳುವುದು ಅಪಾಯಕರ. ಕತ್ತಿನ ಹೊರಗೆ ಸುಣ್ಣ, ಅರಿಶಿನ ಹಚ್ಚುವುದರಿಂದ ಒಳಗಿನ ಕೀವು ಕರಗುವುದಿಲ್ಲ. ಅಷ್ಟು ದಿನ ಚಿಕಿತ್ಸೆ ತಡವಾಗುತ್ತದೆ.

ತಡವಾದರೆ ಏನಾಗುತ್ತದೆ?

ಕೀವು ಕೆಲವೊಮ್ಮೆ ತಾನಾಗಿಯೇ ಒಡೆದು ಬಾಯಿಗೆ ಬಂದು ಉಪಶಮನವಾಗುವುದುಂಟು. ಆದರೆ ನಿದ್ದೆಯಲ್ಲಿ ಒಡೆದರೆ ಅದು ಶ್ವಾಸಕೋಶ ಸೇರಬಹುದು. ಗಂಟಲಿನ ಸ್ನಾಯುವನ್ನು ದಾಟಿ ಹೊರಗೆ ಹರಡಿದರೆ ಕತ್ತಿನ ಆಳದಲ್ಲಿ ಕೀವು ಕಟ್ಟಿ, ಅಲ್ಲಿಂದ ಎದೆಗೂಡಿಗೆ ಇಳಿಯಬಹುದು. ಅಪರೂಪವಾಗಿ ಕತ್ತಿನ ದೊಡ್ಡ ಅಭಿಧಮನಿಯಲ್ಲಿ ಸೋಂಕಿತ ರಕ್ತ ಹೆಪ್ಪುಗಟ್ಟಿ, ಅದರ ಚೂರುಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಇದಕ್ಕೆ ಲೆಮಿಯರ್ ಸಿಂಡ್ರೋಮ್ ಎಂದು ಹೆಸರು. ಗಂಟಲು ನೋವಿನ ನಂತರ ಚಳಿ ಜ್ವರ, ಕತ್ತಿನ ಒಂದು ಬದಿಯ ಊತ ಮತ್ತು ಎದೆನೋವು ಒಟ್ಟಿಗೆ ಬಂದರೆ ಇದನ್ನು ಶಂಕಿಸಬೇಕು.

ಉಸಿರಾಟದ ತೊಂದರೆ, ಉಸಿರಾಡುವಾಗ ಶಬ್ದ, ಕತ್ತು ತಿರುಗಿಸಲಾಗದಿರುವುದು, ಕತ್ತಿನ ಹೊರಭಾಗದಲ್ಲಿ ಹರಡುತ್ತಿರುವ ಊತ ಅಥವಾ ಮಂಪರು ಇದ್ದಲ್ಲಿ ಕಾಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಿ, ರೋಗಿಯನ್ನು ಮಲಗಿಸದೆ ಕುಳ್ಳಿರಿಸಿಕೊಂಡೇ ಕರೆತರಬೇಕು.

ಟಾನ್ಸಿಲ್ ತೆಗೆಸಬೇಕೇ?

ಒಮ್ಮೆ ಕೀವುಬಾವು ಬಂದವರೆಲ್ಲರೂ ಟಾನ್ಸಿಲ್ ತೆಗೆಸಿಕೊಳ್ಳಬೇಕಾಗಿಲ್ಲ. ಬಹುತೇಕರಲ್ಲಿ ಅದು ಮತ್ತೆ ಬರುವುದಿಲ್ಲ. ಎರಡನೆಯ ಬಾರಿ ಬಂದವರಿಗೆ, ಅಥವಾ ಇದಕ್ಕೆ ಮುಂಚೆಯೇ ಪದೇ ಪದೇ ಟಾನ್ಸಿಲ್ ಉರಿಯೂತದಿಂದ ಬಳಲುತ್ತಿದ್ದವರಿಗೆ, ಸೋಂಕು ಪೂರ್ತಿ ಶಮನವಾದ ನಂತರ ಸುಮಾರು ಆರು ವಾರ ಬಿಟ್ಟು ಶಸ್ತ್ರಚಿಕಿತ್ಸೆ ಮಾಡುವುದು ರೂಢಿ. ಸೂಜಿಯಿಂದಲೂ ಕೊಯ್ದರೂ ಕೀವು ತೆಗೆಯಲಾಗದ ಕೆಲವರಲ್ಲಿ ಮಾತ್ರ ಬಾವಿರುವಾಗಲೇ ಟಾನ್ಸಿಲ್ ತೆಗೆಯಲಾಗುತ್ತದೆ. ನಡುವಯಸ್ಸು ದಾಟಿದವರಲ್ಲಿ, ವಿಶೇಷವಾಗಿ ತಂಬಾಕು ಬಳಸುವವರಲ್ಲಿ, ಚಿಕಿತ್ಸೆಯ ನಂತರವೂ ಒಂದು ಬದಿಯ ಟಾನ್ಸಿಲ್ ದೊಡ್ಡದಾಗಿಯೇ ಉಳಿದರೆ ಅದನ್ನು ಹಳೆಯ ಬಾವಿನ ಉಳಿಕೆಯೆಂದು ಬಿಡದೆ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕಿವಿ, ಮೂಗು ಮತ್ತು ಗಂಟಲು ತಜ್ಞರಿಗೆ ತೋರಿಸಬೇಕು.